ಒಂದೇ ಸ್ಲಿಪ್ಪು, ಎರಡು ಕಿಲೋಮೀಟರು: ಅಪ್ಪನ ಕಬ್ಬಿನ ಬಿಲ್ಲು ಬಿಡಿಸಿ ನೋಡಿದ್ದು

ಊರಲ್ಲಿ ಯಾರ ಬಾಯಲ್ಲಿ ಕೇಳಿದ್ರೂ ಈ ಸಲ ಕಬ್ಬಿಗೆ ಟನ್ನಿಗೆ ಮೂರೂವರೆ ಸಾವಿರ ಅಂತಿದ್ರು, ಅಪ್ಪನ ಖಾತೆಗೆ ಬಿದ್ದ ದುಡ್ಡನ್ನ ಟನ್ನಿಗೆ ಭಾಗಿಸಿ ನೋಡಿದ್ರೆ 2,667 ರೂಪಾಯಿ 80 ಪೈಸೆ. ಮಧ್ಯದ 865 ರೂಪಾಯಿ ಎಲ್ಲಿ ಹೋಯ್ತು ಅಂತ ಕೇಳಿದ್ರೆ ಊರಲ್ಲಿ ಸಿಗೋ ಉತ್ತರ ಒಂದೇ, "ಕಟಾವು ಬಾಡಿಗೆ ಹಿಡ್ಕೊಂಡ್ರು". ಅದು ಸುಳ್ಳೇನಲ್ಲ. ಆದ್ರೆ ಎಷ್ಟು ಹಿಡ್ಕೊಂಡ್ರು, ಯಾವ ಲೆಕ್ಕದಲ್ಲಿ ಹಿಡ್ಕೊಂಡ್ರು, ಮೊದಲು ಆ ಮೂರೂವರೆ ಸಾವಿರ ಅನ್ನೋದಾದ್ರೂ ಎಲ್ಲಿಂದ ಬಂತು ಅಂತ ಯಾರೂ ಬಿಲ್ಲು ಹಿಡ್ಕೊಂಡು ಕೂತು ನೋಡಿರ್ಲಿಲ್ಲ. ನಾನು ಶಿರಸಿಯಲ್ಲಿ ಒಂದು ಟ್ಯಾಕ್ಸ್ ಆಫೀಸಲ್ಲಿ ಕೆಲಸ ಮಾಡೋದು, ದಿನಾ ಬೇರೆಯವರ ಬಿಲ್ಲು ನೋಡಿ ನೋಡಿ ಅಭ್ಯಾಸ ಆಗಿದೆ, ಹಾಗಾಗಿ ಅಪ್ಪ ಬಿಲ್ಲು, ಸ್ಲಿಪ್ಪು ಎಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ನನ್ನ ಕೈಗೆ ಕೊಟ್ರು.

ನಮ್ಮದು ಬನವಾಸಿ ಹೋಬಳಿ, ವರದಾ ನದಿ ಕಡೆ ಜಮೀನು. ಶಿರಸಿ ಅಂದ್ರೆ ಎಲ್ರಿಗೂ ಅಡಿಕೆ ತೋಟನೇ ಕಣ್ಮುಂದೆ ಬರೋದು, ಆದ್ರೆ ನಮ್ಮ ಕಡೆ ಬಯಲು ಜಾಸ್ತಿ, ಭತ್ತ, ಜೋಳ, ಅನಾನಸು, ಶುಂಠಿ, ಜೊತೆಗೆ ಕಬ್ಬು. ನಮ್ಮದು ಎರಡು ಎಕರೆ ಕುಳೆ ಕಬ್ಬು, ತಳಿ 86032. ಫ್ಯಾಕ್ಟರಿ ತಾಲೂಕಿನ ಹೊರಗೆ ಇರೋದು, ಹೆಸರು ಬೇಡ. ಇದು 2024-25ರ ಹಂಗಾಮಿನ ಲೆಕ್ಕ.

ಮೊದಲು ರೇಟು. ಫ್ಯಾಕ್ಟರಿ ರೈತನಿಗೆ ಕೊಡ್ಲೇಬೇಕು ಅಂತ ಕೇಂದ್ರ ಸರ್ಕಾರ ಫಿಕ್ಸ್ ಮಾಡೋ ದರಕ್ಕೆ ಎಫ್‌ಆರ್‌ಪಿ ಅಂತಾರೆ, ಆ ಹಂಗಾಮಿಗೆ ಅದು ಕ್ವಿಂಟಾಲಿಗೆ 340 ರೂಪಾಯಿ, ಅಂದ್ರೆ ಟನ್ನಿಗೆ 3,400. ಆದ್ರೆ ಇದು ರಿಕವರಿ 10.25 ಪರ್ಸೆಂಟ್ ಇರೋ ಫ್ಯಾಕ್ಟರಿಗೆ. ರಿಕವರಿ ಅಂದ್ರೆ ನೂರು ಕೆಜಿ ಕಬ್ಬು ಅರೆದಾಗ ಎಷ್ಟು ಕೆಜಿ ಸಕ್ಕರೆ ಬಂತು ಅನ್ನೋದು, ಅಷ್ಟೇ. ಅದು 10.25 ದಾಟಿದ್ರೆ ಪ್ರತಿ 0.1ಕ್ಕೆ ಕ್ವಿಂಟಾಲಿಗೆ 3 ರೂಪಾಯಿ 32 ಪೈಸೆ ಜಾಸ್ತಿ, ಕಮ್ಮಿ ಆದ್ರೆ ಅದೇ ಲೆಕ್ಕದಲ್ಲಿ ಕಮ್ಮಿ, ಆದ್ರೆ 9.5ರ ಕೆಳಗೆ ಎಷ್ಟೇ ಇಳಿದ್ರೂ ರೈತನಿಗೆ ಟನ್ನಿಗೆ 3,151 ಕೊಡ್ಲೇಬೇಕು, ಅದಕ್ಕಿಂತ ಇಳಿಸೋ ಹಾಗಿಲ್ಲ. ಟನ್ ಲೆಕ್ಕಕ್ಕೆ ತಿರುಗಿಸಿದ್ರೆ ಹೀಗಾಗುತ್ತೆ:

```
ಟನ್ ದರ = 3400 + (ರಿಕವರಿ - 10.25) × 332
```

ಅಪ್ಪನ ಬಿಲ್ಲಲ್ಲಿ ರಿಕವರಿ 10.65 ಅಂತ ಇತ್ತು. 10.25ಕ್ಕಿಂತ 0.40 ಜಾಸ್ತಿ, ಅದಕ್ಕೆ 132.80, ಒಟ್ಟು 3,532.80. ಊರವರು ಹೇಳ್ತಿದ್ದ ಮೂರೂವರೆ ಸಾವಿರ ಇದೇ. ಈ ಸಾಲಲ್ಲಿ ಕಂಪ್ಯೂಟರ್ ತಪ್ಪು ಮಾಡಿರ್ಲಿಲ್ಲ.

ಆದ್ರೆ ಅಪ್ಪನ ಸಿಟ್ಟು ಈ 10.65ರ ಮೇಲೇನೇ ಇತ್ತು. ಯಾಕಂದ್ರೆ ಜನವರಿಯಲ್ಲಿ ಕಬ್ಬು ಕಡಿಯೋಕೆ ಮುಂಚೆ ಫ್ಯಾಕ್ಟರಿಯ ಫೀಲ್ಡ್‌ಮ್ಯಾನ್ ಬಂದು ಕಬ್ಬಿನ ರಸ ಒಂದು ಹನಿ ಆ ಸಣ್ಣ ದುರ್ಬೀನಿನಂಥ ಮೀಟರ್ ಮೇಲೆ ಬಿಟ್ಟು ನೋಡಿ "ಕಾಕಾ, ಬ್ರಿಕ್ಸ್ 21 ಐತಿ, ಮಸ್ತ್ ಪಕ್ವ ಆಗೇತಿ" ಅಂದಿದ್ದ, ಮೇಲಿಂದ ಫ್ಯಾಕ್ಟರಿ ಗೇಟಿನ ಬೋರ್ಡಲ್ಲಿ ಆ ವಾರ 11ರ ಮೇಲೆ ರಿಕವರಿ ಬರೆದಿದ್ರು. ಇಷ್ಟೆಲ್ಲ ಇದ್ದೂ ನಮಗೆ ಯಾಕೆ 10.65 ಅಂತ ಅಪ್ಪಂಗೆ ಅರ್ಥ ಆಗ್ಲಿಲ್ಲ, ನಂಗೂ ಮೊದಲು ಆಗ್ಲಿಲ್ಲ. ವಿಷಯ ಏನಪ್ಪಾ ಅಂದ್ರೆ ಇದು ನಮ್ಮ ಕಬ್ಬಿನ ರಿಕವರಿ ಅಲ್ಲ, ಈ ವರ್ಷದ್ದೂ ಅಲ್ಲ. ಇಡೀ ಫ್ಯಾಕ್ಟರಿಯ ಹಿಂದಿನ ಹಂಗಾಮಿನ ಸರಾಸರಿ ರಿಕವರಿ. ನಮ್ಮ ಗಾಡಿ ಕಬ್ಬು ಗೇಟು ದಾಟಿ ಕೇನ್ ಕ್ಯಾರಿಯರಿಗೆ ಬಿತ್ತು ಅಂದ್ರೆ ಮುಗೀತು, ಬೇರೆ ಐವತ್ತು ಊರಿನ ಕಬ್ಬಿನ ಜೊತೆ ಸೇರಿ ಅರೆದುಹೋಗುತ್ತೆ. ಡೈರಿಯಲ್ಲಿ ಒಬ್ಬೊಬ್ಬರ ಹಾಲಿನ ಫ್ಯಾಟ್ ನೋಡಿ ಒಬ್ಬೊಬ್ಬರಿಗೆ ಒಂದು ರೇಟು ಹಾಕ್ತಾರಲ್ಲ, ಹಾಗೆ ಇಲ್ಲಿಲ್ಲ. ಗೇಟಿನ ಬೋರ್ಡಲ್ಲಿ ಬರೆಯೋದು ಆ ದಿನದ್ದು. ಜನವರಿ ಫೆಬ್ರವರಿಲಿ ಚಳಿಗೆ ಕಬ್ಬು ಚೆನ್ನಾಗಿ ಪಕ್ವ ಆಗಿರುತ್ತೆ ಅಂತ ಅದು ಮೇಲೆ ಹೋಗುತ್ತೆ, ನವೆಂಬರಲ್ಲಿ ಎಳೆ ಕಬ್ಬು, ಏಪ್ರಿಲಲ್ಲಿ ಒಣಗಿದ ಕಬ್ಬು ಬಂದಾಗ ಕೆಳಗೆ ಬೀಳುತ್ತೆ. ಎಲ್ಲಾ ಸೇರಿ ಸರಾಸರಿ ತೆಗೆದು, ಅದನ್ನ ಮುಂದಿನ ವರ್ಷದ ದರಕ್ಕೆ ಹಿಡೀತಾರೆ.

ಬ್ರಿಕ್ಸೂ ರಿಕವರಿಯೂ ಒಂದೇ ಅಲ್ಲ ಅನ್ನೋದು ಇನ್ನೊಂದು. ಬ್ರಿಕ್ಸ್ 21 ಅಂದ್ರೆ ರಸದಲ್ಲಿ ಕರಗಿರೋ ಒಟ್ಟು ಘನ ಪದಾರ್ಥ, ಅದ್ರಲ್ಲಿ ನಿಜವಾದ ಸಕ್ಕರೆ ಅದಕ್ಕಿಂತ ಕಮ್ಮಿ. ಅದರ ಮೇಲೆ ಕಬ್ಬು ಪೂರ್ತಿ ರಸ ಅಲ್ವಲ್ಲ, ನಾರೂ ಇರುತ್ತೆ, ಆಮೇಲೆ ಹಿಂಡಿದ ಸಿಪ್ಪೆಯಲ್ಲಿ ಒಂದಿಷ್ಟು ಸಕ್ಕರೆ ಉಳಿಯುತ್ತೆ, ರಸ ಸೋಸಿದಾಗ ಉಳಿಯೋ ಪ್ರೆಸ್‌ಮಡ್ಡಲ್ಲಿ ಒಂದಿಷ್ಟು, ಕಾಕಂಬಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗುತ್ತೆ. ಹಾಗಾಗಿ ಬ್ರಿಕ್ಸ್ 21 ಇದ್ರೂ ರಿಕವರಿ ಹನ್ನೊಂದರ ಆಸುಪಾಸಿಗೆ ಬಂದು ನಿಲ್ಲುತ್ತೆ. ಇದನ್ನ ಅಪ್ಪಂಗೆ ಹೇಳಿದ್ರೆ "ಹಂಗಾರೆ ಆ ಮೀಟರ್ ಯಾಕೆ ತಗಬರ್ತಾನೆ ಅವ್ನು" ಅಂದ್ರು. ಯಾರ ಕಬ್ಬು ಮೊದಲು ಕಡೀಬೇಕು ಅಂತ ನಂಬರ್ ಹಚ್ಚೋಕೆ ಅಷ್ಟೇ ಅದು, ದರಕ್ಕಲ್ಲ.

ರಿಕವರಿಯಲ್ಲಿ ನಿಜವಾಗ್ಲೂ ಕಣ್ಣಿಡಬೇಕಾದ ಜಾಗ ಬೇರೆ ಇದೆ. ಈಗ ಸುಮಾರು ಫ್ಯಾಕ್ಟರಿಗಳು ಎಥನಾಲ್ ಮಾಡ್ತಾವೆ. ಸಕ್ಕರೆ ಪೂರ್ತಿ ತೆಗೆಯೋಕೆ ಮುಂಚೆನೇ ಬಿ ಹೆವಿ ಕಾಕಂಬಿ ಅಂತ ಬೇರೆ ಮಾಡಿ, ಇಲ್ಲಾ ರಸ, ಸಿರಪ್ಪನ್ನೇ ಡಿಸ್ಟಿಲರಿಗೆ ಬಿಡ್ತಾರೆ. ಆಗ ಚೀಲಕ್ಕೆ ತುಂಬೋ ಸಕ್ಕರೆ ಕಮ್ಮಿ ಆಗುತ್ತೆ, ಚೀಲ ಎಣಿಸಿ ರಿಕವರಿ ಹೇಳಿದ್ರೆ ರೈತನ ದರ ಸೀದಾ ಬೀಳುತ್ತೆ. ಅದಕ್ಕೆ ನಿಯಮ ಇದೆ, ಎಥನಾಲಿಗೆ ಹೋದ ಸಕ್ಕರೆಯನ್ನೂ ವಾಪಸ್ ಕೂಡಿಸಿ ರಿಕವರಿ ಲೆಕ್ಕ ಹಾಕ್ಬೇಕು. ಕಬ್ಬು ಅಭಿವೃದ್ಧಿ ಆಯುಕ್ತರು ಮತ್ತು ಸಕ್ಕರೆ ನಿರ್ದೇಶಕರ ಕಚೇರಿಯಿಂದ ಯಾವ ಫ್ಯಾಕ್ಟರಿಗೆ ಎಷ್ಟು ರಿಕವರಿ, ಎಷ್ಟು ಎಫ್‌ಆರ್‌ಪಿ ಅಂತ ಪಟ್ಟಿ ಹೊರಡುತ್ತೆ, ಬಿಲ್ಲಲ್ಲಿರೋ ರಿಕವರಿಯನ್ನ ಆ ಪಟ್ಟಿ ಜೊತೆ ಇಟ್ಟು ನೋಡ್ಬೇಕೇ ಹೊರತು ಗೇಟಿನ ಬೋರ್ಡ್ ಜೊತೆ ಅಲ್ಲ. ನಮ್ಮದು ಪಟ್ಟಿಗೆ ತಾಳೆ ಆಯ್ತು.

ಆಮೇಲೆ ತೂಕ. ನಾಲ್ಕು ಲೋಡು ಹೋಗಿತ್ತು, ಮೂರು ಡಬಲ್ ಟ್ರೇಲರ್, ಕೊನೇದು ಅರೆಬರೆ. ಮೊದಲನೇ ಸ್ಲಿಪ್ಪು ಹೀಗಿತ್ತು, ಗಾಡಿ ಸಮೇತ 24,380 ಕೆಜಿ, ಖಾಲಿ ಗಾಡಿ 7,640, ನಿವ್ವಳ 16,740. ಉಳಿದವು 17,320, 15,980, 11,460. ಒಟ್ಟು 61.500 ಟನ್. ತೂಕದಲ್ಲಿ ಮೋಸ ಅಂತ ಎಲ್ರೂ ಸಾರಾಸಗಟಾಗಿ ಹೇಳ್ತಾರೆ, ಆದ್ರೆ ನೋಡೋದು ಹೇಗೆ ಅಂತ ಗೊತ್ತಿರಲ್ಲ. ನಾನು ಮೊದಲು ನೋಡಿದ್ದು ಖಾಲಿ ಗಾಡಿ ತೂಕ. ಒಂದೇ ಟ್ರ್ಯಾಕ್ಟರ್, ಅದೇ ಟ್ರೇಲರ್, ಆದ್ರೂ ಸ್ಲಿಪ್ಪಿಂದ ಸ್ಲಿಪ್ಪಿಗೆ ಇಪ್ಪತ್ತು ಮೂವತ್ತು ಕೆಜಿ ಹೆಚ್ಚುಕಮ್ಮಿ ಇತ್ತು. ಇದು ಒಳ್ಳೇ ಲಕ್ಷಣ. ಟ್ಯಾಂಕಲ್ಲಿ ಡೀಸೆಲ್ ಎಷ್ಟಿದೆ, ಚಕ್ರಕ್ಕೆ ಮಣ್ಣು ಎಷ್ಟು ಮೆತ್ಕೊಂಡಿದೆ, ಟ್ರೇಲರ್ ತಳದಲ್ಲಿ ಕಬ್ಬಿನ ಒಣ ಎಲೆ, ರವದಿ ಎಷ್ಟು ಉಳ್ದಿದೆ, ಅದರ ಮೇಲೆ ತೂಕ ಆಚೀಚೆ ಆಗ್ಲೇಬೇಕು. ಎಲ್ಲಾ ಸ್ಲಿಪ್ಪಲ್ಲೂ ಕೆಜಿಗೆ ಕೆಜಿ ಒಂದೇ ಇದ್ರೆ ಖಾಲಿ ಗಾಡಿ ತೂಗಿಲ್ಲ, ಕಂಪ್ಯೂಟರಲ್ಲಿ ಇದ್ದ ಹಳೇ ತೂಕನೇ ಹಾಕಿದ್ದಾರೆ ಅಂತರ್ಥ. ಎರಡನೇ ಲೋಡನ್ನ ದಾರಿಯಲ್ಲಿ ಹೊರಗಿನ ಕಾಟಾದಲ್ಲೂ ಅಪ್ಪ ತೂಗಿಸಿದ್ರು, ಹೇಳ್ಕೊಳ್ಳೋವಂಥ ವ್ಯತ್ಯಾಸ ಇರ್ಲಿಲ್ಲ. ಹಾಗಾಗಿ ತೂಕದ ಮೇಲೆ ನಮ್ಮ ತಕರಾರಿಲ್ಲ.

ತೂಕ ಹೋಗಿದ್ದು ಕಾಟಾದಲ್ಲಲ್ಲ, ಕಾಯೋದ್ರಲ್ಲಿ. ಮೂರನೇ ಲೋಡಿನ ಕಬ್ಬು ಕಡಿದು ಗದ್ದೆಯಲ್ಲಿ ಬಿದ್ದಿತ್ತು, ಟ್ರ್ಯಾಕ್ಟರ್ ಬರ್ಲಿಲ್ಲ, ಮಾರನೇ ದಿನ ಬಂತು, ತುಂಬಿ ಹೋದ್ಮೇಲೆ ಫ್ಯಾಕ್ಟರಿ ಯಾರ್ಡಲ್ಲಿ ಮತ್ತೆ ಒಂದು ರಾತ್ರಿ ಪಾಳಿ. ತೂಕ ಆಗೋದು ಪಾಳಿ ಬಂದ್ಮೇಲೆ. ಕಡಿದ ಕಬ್ಬು ದಿನಕ್ಕೆ ನೂರಕ್ಕೆ ಒಂದೆರಡು ಪಾಲು ತೂಕ ಕಳ್ಕೊಳ್ಳುತ್ತೆ, ಬಿಸಿಲು ಜೋರಿದ್ರೆ ಇನ್ನೂ ಜಾಸ್ತಿ. ಮೊದಲ ಲೋಡಿನಷ್ಟೇ ಎತ್ತರಕ್ಕೆ ಹೇರಿದ್ದ ಗಾಡಿ 15,980 ಬಂದಾಗ ಅಪ್ಪ "ಇಲ್ಲೊಂದು ಟನ್ನಿನ ಹತ್ರ ಆರಿ ಹೋತು" ಅಂದಿದ್ರು. ಒಂದು ಟನ್ ಪೂರ್ತಿ ಆರಿದ್ದಲ್ಲ, ಹೇರಿದ್ರಲ್ಲೂ ಹೆಚ್ಚುಕಮ್ಮಿ ಇರುತ್ತೆ, ಆದ್ರೆ ಮುನ್ನೂರು ನಾನೂರು ಕೆಜಿಯಂತೂ ಹೋಗಿರುತ್ತೆ. ಅಂದ್ರೆ ಹತ್ತಿರ ಹತ್ತಿರ ಸಾವಿರ ರೂಪಾಯಿ. ಇದು ಯಾವ ಬಿಲ್ಲಲ್ಲೂ ಕಾಣಲ್ಲ.

ಬಿಲ್ಲಲ್ಲಿ ಕಾಣದೇ ಇರೋ ಇನ್ನೊಂದು ಖರ್ಚು ಎಂಟ್ರಿ, ಖುಷಾಲಿ. ಎಂಟ್ರಿ ಡ್ರೈವರಿಗೆ ಪ್ರತಿ ಟ್ರಿಪ್ಪಿಗೆ ಕೈಯಲ್ಲಿ ಕೊಡೋದು, ನಾವು 500ರಂತೆ ಕೊಟ್ವಿ. ಖುಷಾಲಿ ಕಟಾವು ಗ್ಯಾಂಗಿಗೆ. ನಮಗೆ ಬಂದ ಗ್ಯಾಂಗು ವಿಜಯಪುರ ಕಡೆ ತಾಂಡಾದವರು, ಗಂಡ ಹೆಂಡತಿ ಸಣ್ಣ ಮಕ್ಕಳು ಎಲ್ಲಾ ಗದ್ದೆ ಪಕ್ಕನೇ ಗುಡಿಸಲು ಹಾಕ್ಕೊಂಡಿದ್ರು, ಬೆಳಗಿನ ಜಾವ ಮಂಜಲ್ಲೇ ಕೊಯ್ತಾ ಹಿಡ್ಕೊಂಡು ಇಳಿಯೋರು. ಅವರಿಗೆ ಕೊಡೋಕೆ ನಂಗೆ ಬೇಜಾರಿಲ್ಲ. ಬೇಜಾರಿರೋದು ಕಟಾವು ಕೂಲಿ ಅಂತ ಟನ್ನಿಗೆ 438 ರೂಪಾಯಿ ಬಿಲ್ಲಲ್ಲೇ ಹಿಡ್ಕೊಂಡಿರ್ತಾರಲ್ಲ, ಅದ್ರಲ್ಲಿ ಕಡಿಯೋರಿಗೆ ಹೋಗೋದು 365, ಅದರ ಇಪ್ಪತ್ತು ಪರ್ಸೆಂಟು 73 ರೂಪಾಯಿ ಗ್ಯಾಂಗ್ ಕರ್ಕೊಂಡು ಬರೋ ಮುಕಾದಮನ ಕಮಿಷನ್ನು. ಮುಕಾದಮ ಅಪ್ಪನ ಹತ್ರ ಬಂದು "ಯಜಮಾನ್ರ, ಹುಡುಗ್ರಿಗೆ ಏನರ ಖುಷಿ ಮಾಡ್ರಿ, ಇಲ್ಲಾಂದ್ರ ನಾಳೆ ಮುಂದಿನ ಹೊಲಕ್ಕ ಹೊಂಟ್ವಿ" ಅಂದಾಗ ಕೊಡ್ದೇ ಬೇರೆ ದಾರಿ ಇರ್ಲಿಲ್ಲ, ಅರ್ಧ ಹೊಲ ಕಡಿದು ಬಿಟ್ಟು ಹೋದ್ರೆ ಉಳಿದ ಅರ್ಧದ ಗತಿ ಏನು.

ನೀವೇ ಕಡಿಸಿ ನೀವೇ ಸಾಗಿಸಬಹುದಿತ್ತಲ್ಲ ಅಂತ ಕೇಳ್ಬಹುದು. ಎಫ್‌ಆರ್‌ಪಿ ಅನ್ನೋದು ಫ್ಯಾಕ್ಟರಿ ಗೇಟಿಗೆ ಕಬ್ಬು ಮುಟ್ಟಿಸಿದ ದರ, ಸ್ವಂತ ಕಟಾವು ಸ್ವಂತ ಸಾಗಣೆ ಆದ್ರೆ 3,532.80 ಪೂರ್ತಿ ಕೈಗೆ ಬರ್ಬೇಕು. ಆದ್ರೆ ಶಿರಸಿ ಸೀಮೆಯಲ್ಲಿ ಡಿಸೆಂಬರ್ ಜನವರಿ ಅಂದ್ರೆ ಅಡಿಕೆ ಕೊಯ್ಲು. ಕೊನೆ ಕೊಯ್ಯೋರಿಂದ ಹಿಡಿದು ಸುಲಿಯೋ ಹೆಂಗಸರ ತನಕ ಯಾರೂ ಸಿಗಲ್ಲ, ಸಿಕ್ಕಿದ್ರೂ ಅಡಿಕೆ ಸುಲಿಯೋ ಕೂಲಿ ಬಿಟ್ಟು ಕಬ್ಬಿನ ಸುಂಕು ಮೈಗೆ ಹಚ್ಕೊಳ್ಳೋಕೆ ಯಾರು ಬರ್ತಾರೆ. ಹಾಗಾಗಿ ಫ್ಯಾಕ್ಟರಿ ಗ್ಯಾಂಗೇ ಗತಿ. ಮಷಿನ್ ಕಟಾವು ಅಂತ ಒಂದಿದೆ, ಅದ್ರಲ್ಲಿ ರವದಿ ಜಾಸ್ತಿ ಸೇರುತ್ತೆ ಅಂತ ತೂಕದಲ್ಲೇ ಪರ್ಸೆಂಟ್ ಲೆಕ್ಕದಲ್ಲಿ ಕಳೀತಾರೆ, ನಮ್ಮ ಸಣ್ಣ ಸಣ್ಣ ಗದ್ದೆಗೆ ಮಷಿನ್ ಇಳಿಯೋದೂ ಇಲ್ಲ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. 865ರಲ್ಲಿ ಕಟಾವು 438 ಹೋದ್ರೆ ಉಳಿದ 427 ಸಾಗಣೆ. ಈ ಫ್ಯಾಕ್ಟರಿ ಸಾಗಣೆಗೆ ಕಿಲೋಮೀಟರ್ ಸ್ಲ್ಯಾಬ್ ಮಾಡಿತ್ತು, 26ರಿಂದ 50 ಕಿಮೀ ತನಕ ಟನ್ನಿಗೆ 352, 51 ದಾಟಿದ್ರೆ 427. (ಕೆಲವು ಫ್ಯಾಕ್ಟರಿಗಳು ಸ್ಲ್ಯಾಬೇ ಮಾಡಲ್ಲ, ಹತ್ತು ಕಿಮೀ ಇರೋನಿಗೂ ಎಂಬತ್ತು ಕಿಮೀ ಇರೋನಿಗೂ ಒಟ್ಟು ಸರಾಸರಿ ತೆಗೆದು ಒಂದೇ ಹಾಕ್ತಾರೆ, ಹತ್ತಿರದವನ ದುಡ್ಡಲ್ಲಿ ದೂರದ ಕಬ್ಬು ಬರುತ್ತೆ, ಅದು ಇನ್ನೊಂದು ಜಗಳ.) ನಮ್ಮ ಗದ್ದೆಗೆ ಬದು ಹಂಚ್ಕೊಂಡಿರೋ ಪಕ್ಕದ ಜಮೀನು ಕಾಗದದಲ್ಲಿ ಆಚೆ ಊರಿಗೆ ಸೇರಿದ್ದು. ಅವರ ಬಿಲ್ಲು ನಾನು ಸುಮ್ನೆ ಇಸ್ಕೊಂಡು ನೋಡಿದೆ, ಸಾಗಣೆ 352. ಬದುವಿನ ಈಚೆ 427, ಆಚೆ 352, ಅದೇ ವಾರ, ಅದೇ ಟ್ರ್ಯಾಕ್ಟರು.

ಫೀಲ್ಡ್‌ಮ್ಯಾನಿಗೆ ಫೋನ್ ಮಾಡಿದ್ರೆ "ಅಕ್ಕೋರೆ, ಕಂಪ್ಯೂಟರ್‌ನಾಗ ನಿಮ್ಮ ಊರಿನ ಕೋಡ್ ನಂಬರಿಗೆ 54 ಕಿಲೋಮೀಟರ್ ಫೀಡ್ ಆಗೇತ್ರಿ, ನಮ್ಮ ಕೈಲಿ ಏನೂ ಇಲ್ಲ" ಅಂದ. ನಮ್ಮಲ್ಲಿಂದ ಫ್ಯಾಕ್ಟರಿಗೆ ಎರಡು ದಾರಿ. ಹೊಳೆ ಸೇತುವೆ ಮೇಲೆ ಹೋದ್ರೆ 47, ದೊಡ್ಡ ರೋಡಿಗೆ ಬಂದು ಸುತ್ತಿ ಹೋದ್ರೆ 54. ಫ್ಯಾಕ್ಟರಿ ಕಬ್ಬು ವಿಭಾಗದ ಆಫೀಸಲ್ಲಿ ಕೇಳಿದ್ದಕ್ಕೆ ಅಲ್ಲಿದ್ದ ಅಧಿಕಾರಿ, ಸೇತುವೆ ಹಳೇದು, ಲೋಡ್ ಗಾಡಿ ಅದರ ಮೇಲೆ ಬಿಡಲ್ಲ, ಹಾಗಾಗಿ ಸುತ್ತು ದಾರಿನೇ ಹಿಡೀಬೇಕಾಗುತ್ತೆ ಮೇಡಂ ಅಂದ್ರು. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಪಕ್ಕದ ಗದ್ದೆ ಕಬ್ಬೂ ಅದೇ ಹೊಳೆ ದಾಟಬೇಕಲ್ಲ, ಅವರಿಗೆ ಹೇಗೆ 352 ಅಂದ್ರೆ, ಅದು ಬೇರೆ ಗ್ರಾಮ, ಬೇರೆ ಕೋಡು.

ಈ ಕೋಡಿನ ಉತ್ತರ ಇದೆಯಲ್ಲ, ಇದಕ್ಕೆ ಬಾಯಿ ಮಾತಲ್ಲಿ ಎದುರು ಹೇಳೋಕಾಗಲ್ಲ. ಗಾಡಿ ಯಾವ ದಾರಿಯಲ್ಲಿ ಹೋಯ್ತು ಅನ್ನೋದಕ್ಕೆ ಕಾಗದ ಬೇಕು. ಸ್ಲಿಪ್ಪಲ್ಲಿ ಗೇಟ್ ಟೈಮ್ ಇರುತ್ತೆ, ಆದ್ರೆ ಟ್ರ್ಯಾಕ್ಟರ್ ಚಾ ಕುಡಿಯೋಕೆ ನಿಂತ್ರೂ ಅರ್ಧ ಗಂಟೆ, ಅದ್ರಿಂದ ಏಳು ಕಿಲೋಮೀಟರ್ ವ್ಯತ್ಯಾಸ ತೋರ್ಸೋಕಾಗಲ್ಲ. ಕೊನೆಗೆ ಹೊಳೆದಿದ್ದು ಅಪ್ಪಂಗೆ. "ತಂಗಿ, ಟ್ರ್ಯಾಕ್ಟರಿನವನಿಗೆ ಫ್ಯಾಕ್ಟರಿಯವ್ರು ಬಾಡಿಗೆ ಕೊಡ್ತಾರಲ್ಲ, ಅವನಿಗೆ ಎಷ್ಟು ಕಿಲೋಮೀಟರ್ ಕೊಟ್ರು ಅಂತ ಕೇಳು" ಅಂದ್ರು. ನಾನು ಅಕೌಂಟ್ಸ್ ಕೆಲಸ ಮಾಡೋಳು, ನಂಗೆ ಹೊಳೀಬೇಕಾಗಿದ್ದು ಅದು.

ಸಾಗಣೆ ಕಾಂಟ್ರ್ಯಾಕ್ಟ್ ಇರೋದು ಟ್ರ್ಯಾಕ್ಟರ್ ಮಾಲೀಕನಿಗೂ ಫ್ಯಾಕ್ಟರಿಗೂ. ಹದಿನೈದು ದಿನಕ್ಕೊಮ್ಮೆ ಅವನಿಗೊಂದು ಬಿಲ್ಲು ಬರುತ್ತೆ, ಅದ್ರಲ್ಲಿ ಪ್ರತಿ ಟ್ರಿಪ್ಪಿನ ಸ್ಲಿಪ್ ನಂಬರು, ಟನ್ನು, ಕಿಲೋಮೀಟರು, ರೇಟು. ಮಾಲೀಕ ನಮ್ಮ ಕಡೆಯವನೇ, ಬನವಾಸಿ ಪೇಟೆಯಲ್ಲಿ ಸಿಕ್ಕಿದ. ಅವನೂ ಅಸಮಾಧಾನದಲ್ಲೇ ಇದ್ದ, ಬಾಡಿಗೆ ಕಮ್ಮಿ ಬಿತ್ತು ಅಂತ. ಫೋನಲ್ಲಿ ಫೋಟೋ ತೋರ್ಸಿದ. ನಾನು ಅಪ್ಪನ ಸ್ಲಿಪ್ಪು ಪಕ್ಕದಲ್ಲಿಟ್ಟು ಒಂದೊಂದೇ ನಂಬರ್ ತಾಳೆ ನೋಡ್ತಾ ಹೋದೆ. ಅದೇ ಸ್ಲಿಪ್ ನಂಬರು, ಅದೇ 16.740 ಟನ್ನು, ಕಿಲೋಮೀಟರ್ ಕಾಲಂನಲ್ಲಿ 47, ರೇಟು 352. ಉಳಿದ ಮೂರೂ ಹಾಗೇನೇ. "ಅಕ್ಕಾ, ಸೇತುವೆ ಮೇಲೇ ಹೋಗೋದು ನಾವು, ಸುತ್ತಿ ಹೋದ್ರೆ ಡೀಸೆಲ್ ಯಾರು ಕೊಡ್ತಾರೆ" ಅಂದ.

ಅಂದ್ರೆ ನಮ್ಮ ಹತ್ರ 54 ಕಿಲೋಮೀಟರಿನ ದುಡ್ಡು ಕಡಿತ ಆಗಿದೆ, ಸಾಗಿಸಿದವನಿಗೆ 47ರ ದುಡ್ಡು ಹೋಗಿದೆ. ಮಧ್ಯದ 75 ರೂಪಾಯಿ ಫ್ಯಾಕ್ಟರಿಯಲ್ಲೇ ಉಳೀತು. 61.5 ಟನ್ನಿಗೆ 4,612 ರೂಪಾಯಿ 50 ಪೈಸೆ. ನಮ್ಮೊಬ್ರಿಗೆ ಇಷ್ಟು, ಆ ಊರಿನ ಕೋಡಲ್ಲಿ ಕಬ್ಬು ಕಳ್ಸಿದ ಮನೆಗಳು ಇನ್ನೂ ಎಷ್ಟೋ ಇವೆ. ಬೇಕಂತ ಮಾಡಿದ್ದು ಅಂತ ನಾನು ಹೇಳಲ್ಲ. ನಂಗೆ ಕಂಡ ಹಾಗೆ ರೈತರ ಪಟ್ಟಿ ಒಂದು, ಸಾಗಣೆದಾರರ ಪಟ್ಟಿ ಇನ್ನೊಂದು, ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ತುಂಬಿದ್ದು. ಆದ್ರೆ ಬಾಡಿಗೆ ಕೊಡೋ ಪಟ್ಟಿಯಲ್ಲಿ ಕಿಲೋಮೀಟರ್ ಸರಿ ಮಾಡೋಕೆ ಯಾರಿಗೋ ನೆನಪಾಗಿದೆ, ಕಡಿತ ಮಾಡೋ ಪಟ್ಟಿಯಲ್ಲಿ ನೆನಪಾಗಿಲ್ಲ.

ಫ್ಯಾಕ್ಟರಿ ಆಫೀಸಿಗೆ ಒಂದು ಅರ್ಜಿ ಬರೆದೆ, ಅದ್ರಲ್ಲಿ ಜಾಸ್ತಿ ಕಥೆ ಬರೀಲಿಲ್ಲ. ನಾಲ್ಕು ಸ್ಲಿಪ್ ನಂಬರು, ಟನ್ನು, ನಮ್ಮಿಂದ ಕಡಿತ ಆದ ಕಿಮೀ, ಸಾಗಣೆದಾರನಿಗೆ ಕೊಟ್ಟ ಕಿಮೀ, ವ್ಯತ್ಯಾಸ, ಇಷ್ಟನ್ನೇ ಒಂದು ಟೇಬಲ್ ಮಾಡಿ, ಎರಡೂ ಬಿಲ್ಲಿನ ಜೆರಾಕ್ಸ್ ಹಚ್ಚಿ ಕೊಟ್ಟೆ, ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸ್ಕೊಂಡೆ. ಮಾಲೀಕನ ಹೆಸರು ಮುಚ್ಚಿ ಜೆರಾಕ್ಸ್ ಮಾಡಿದ್ದೆ, ಮುಂದಿನ ಹಂಗಾಮಿಗೆ ಅವನ ಗಾಡಿ ಕಾಂಟ್ರ್ಯಾಕ್ಟಿಗೆ ತೊಂದ್ರೆ ಆಗ್ಬಾರ್ದು ಅಂತ. ಅಧಿಕಾರಿ ಓದಿದ್ರು, ಇನ್ನೊಂದ್ಸಲ ಓದಿದ್ರು, ಒಳಗೆ ಹೋಗಿ ಕಂಪ್ಯೂಟರಿನವರನ್ನ ಕರ್ಕೊಂಡು ಬಂದ್ರು. ಸೇತುವೆ ಮಾತು ಆಮೇಲೆ ಅವರ ಬಾಯಿಂದ ಬರ್ಲಿಲ್ಲ.

ವ್ಯತ್ಯಾಸದ ದುಡ್ಡು ಹಂಗಾಮು ಮುಗಿದ್ಮೇಲೆ ಹೊಂದಾಣಿಕೆ ಅಂತ ಬಂತು, ಪೂರ್ತಿ 4,612.50. ಆದ್ರೆ ಬಂದಿದ್ದು ಅರ್ಜಿ ಕೊಟ್ಟವರಿಗೆ ಮಾತ್ರ. ಕೋಡಲ್ಲಿ ಕಿಲೋಮೀಟರ್ ತಪ್ಪು ಅಂತ ಒಪ್ಕೊಂಡ್ಮೇಲೆ ಆ ಕೋಡಿನ ಎಲ್ರಿಗೂ ತಾನಾಗೇ ವಾಪಸ್ ಹೋಗ್ಬೇಕಲ್ವಾ, ಕೇಳಿದ್ರೆ "ಅವರೂ ಅರ್ಜಿ ಕೊಡ್ಲಿ, ನೋಡೋಣ" ಅಂದ್ರು. ಊರಲ್ಲಿ ಸುಮಾರು ಜನರ ಹತ್ರ ತೂಕದ ಸ್ಲಿಪ್ಪೇ ಇಲ್ಲ, ಮಳೆಗಾಲದ ತನಕ ಯಾರು ಇಟ್ಕೊಂಡಿರ್ತಾರೆ. ಫ್ಯಾಕ್ಟರಿಯಲ್ಲಿ ಎಲ್ಲಾ ದಾಖಲೆ ಇದೆ, ಆದ್ರೂ ಸ್ಲಿಪ್ ತರ್ಬೇಕಂತೆ. ಇದು ನಂಗೆ ಮೊದಲಿನ ತಪ್ಪಿಗಿಂತ ಜಾಸ್ತಿ ಕೆಟ್ಟದ್ದು ಅನ್ನಿಸ್ತು.

ಇನ್ನೊಂದು ಬಾಬ್ತು ಬಾಕಿ ಇದೆ, ಬಡ್ಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡ್ಬೇಕು, ತಡ ಆದ್ರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ನಮ್ಮ ಕೊನೇ ಲೋಡು ಜನವರಿ 21ಕ್ಕೆ ಹೋಗಿತ್ತು, ಅಲ್ಲಿಂದ 14 ದಿನ ಅಂದ್ರೆ ಫೆಬ್ರವರಿ 4. ದುಡ್ಡು ಬಂದಿದ್ದು ಮಾರ್ಚ್ 7ಕ್ಕೆ, 31 ದಿನ ತಡ. 61.5 ಟನ್ನಿಗೆ 2,667.80ರಂತೆ ಬಂದಿದ್ದು 1,64,069 ರೂಪಾಯಿ 70 ಪೈಸೆ, ಅದಕ್ಕೆ 31 ದಿನದ ಬಡ್ಡಿ ಹತ್ತಿರ ಹತ್ತಿರ 2,090 ರೂಪಾಯಿ. ಮೊದಲಿನ ಲೋಡುಗಳು ಇನ್ನೂ ಮುಂಚೆ ಹೋಗಿದ್ದು, ಸರಿಯಾಗಿ ಒಂದೊಂದು ಲೋಡಿಗೆ ಲೆಕ್ಕ ಹಾಕಿದ್ರೆ ಇನ್ನೂ ಸ್ವಲ್ಪ ಮೇಲೆ ಹೋಗುತ್ತೆ, ನಾನು ರೈತನಿಗೆ ಕಮ್ಮಿ ಬರೋ ಲೆಕ್ಕನೇ ಬರೆದು ಕೊಟ್ಟೆ. ಇದಕ್ಕೆ ಅರ್ಜಿ ಬೇರೆ. ಫ್ಯಾಕ್ಟರಿಯವರು ಬಡ್ಡಿ ಮಾತಿಗೆ ಹೌದು ಅನ್ನಲ್ಲ, ಇಲ್ಲ ಅಂತ ಬರೆದೂ ಕೊಡಲ್ಲ. ಸಕ್ಕರೆ ನಿರ್ದೇಶಕರಿಗೆ ಪ್ರತಿ ಕಳ್ಸಿದೀನಿ, ಉತ್ತರ ಬಂದಿಲ್ಲ.

2025-26ಕ್ಕೆ ಎಫ್‌ಆರ್‌ಪಿ ಟನ್ನಿಗೆ 3,550 ಆಯ್ತು, 10.25ರ ರಿಕವರಿಗೇ, ಮೇಲಿನ ಪ್ರತಿ 0.1ಕ್ಕೆ ಟನ್ನಿಗೆ 34 ರೂಪಾಯಿ 60 ಪೈಸೆ. ಮೇಲೆ ಕೊಟ್ಟ ಸೂತ್ರದಲ್ಲಿ 3400ರ ಜಾಗಕ್ಕೆ 3550, 332ರ ಜಾಗಕ್ಕೆ 346 ಹಾಕಿದ್ರೆ ಆಯ್ತು. ಹೊಸ ಹಂಗಾಮಿಗೆ ಕಬ್ಬು ನೋಂದಣಿ ಫಾರಂ ತಗೊಂಡು ಫೀಲ್ಡ್‌ಮ್ಯಾನ್ ಮನೆಗೆ ಬಂದಾಗ ಭಾನುವಾರ ಇತ್ತು, ನಾನೂ ಇದ್ದೆ. ಸರ್ವೆ ನಂಬರು, ತಳಿ, ನಾಟಿ ತಾರೀಕು ಎಲ್ಲಾ ತುಂಬಿದ್ದ, ಫ್ಯಾಕ್ಟರಿಯಿಂದ ದೂರ ಅನ್ನೋ ಕಾಲಂ ಖಾಲಿ ಬಿಟ್ಟಿದ್ದ. "ಅದು ಆಫೀಸಲ್ಲಿ ತುಂಬ್ತಾರ್ರಿ" ಅಂದ. ಇಲ್ಲೇ ತುಂಬು ಅಂದೆ. 47 ಅಂತ ಬರೆದ, ಪಕ್ಕದಲ್ಲಿ ಅವನ ಸಹಿ ಹಾಕ್ಸಿ ಫೋಟೋ ತೆಗೆದಿಟ್ಕೊಂಡೆ.